ಫ್ರೀಲಾನ್ಸ್ ಶುರು ಮಾಡಿದ್ದೀರಾ? ಹಳೆಯ ಸಹೋದ್ಯೋಗಿಗಳಿಗೆ, ಸಹಪಾಠಿಗಳಿಗೆ ಸಂದೇಶ ಬರೆದು ಪರಿಚಯ ಕೇಳುವ ಸಮಗ್ರ ಮಾರ್ಗದರ್ಶಿ

ಫ್ರೀಲಾನ್ಸ್ ಶುರು ಮಾಡಿದವರು ಹಳೆಯ ಸ್ನೇಹಿತರಿಗೆಲ್ಲ ಒಂದು ಸಂದೇಶ ಕಳಿಸುತ್ತಾರೆ. ‘ಆಲ್ ದಿ ಬೆಸ್ಟ್’ಗಳ ಸುರಿಮಳೆ ಆಗುತ್ತದೆ. ಕೆಲಸ ಮಾತ್ರ ಒಂದೂ ಬರುವುದಿಲ್ಲ. ಆ ಸ್ನೇಹಿತರಿಗೆ ಸಹಾಯ ಮಾಡುವ ಮನಸ್ಸಿಲ್ಲ ಅಂತಲ್ಲ. ತಾವು ಯಾರಿಗೆ ಹೇಳಬೇಕು, ಏನಂತ ಹೇಳಬೇಕು ಅನ್ನುವುದು ಸಂದೇಶ ಓದಿದ ಮೇಲೂ ಅವರಿಗೆ ಗೊತ್ತಾಗಿರುವುದಿಲ್ಲ, ಅಷ್ಟೇ.

ಈ ಸಂದೇಶಕ್ಕೆ ಓದುಗರು ಇಬ್ಬರು. ಮೊದಲನೆಯವರು ನಿಮ್ಮ ಹಳೆಯ ಸ್ನೇಹಿತರು. ಎರಡನೆಯವರು ಅವರ ಪರಿಚಯದ, ನಿಮ್ಮನ್ನು ನೋಡೇ ಇರದ ಮೂರನೆಯ ವ್ಯಕ್ತಿ. ಕೆಲಸ ಕೊಡುವವರು ಹೆಚ್ಚಾಗಿ ಈ ಮೂರನೆಯವರೇ. ಸಂದೇಶ ಸ್ನೇಹಿತರ ಫೋನಿನಲ್ಲೇ ನಿಂತುಹೋದರೆ ಅದು ಬರೀ ಸುದ್ದಿ. ಅಲ್ಲಿಂದ ಮುಂದಕ್ಕೆ ಹೋದರೆ ಮಾತ್ರ ಪರಿಚಯ. ಹಾಗಾಗಿ ಇಡೀ ಸಂದೇಶವನ್ನು, ಅದು ಮುಂದಕ್ಕೆ ಹೋಗುವಂತೆ ಕಟ್ಟಬೇಕು. ಈ ಮಾರ್ಗದರ್ಶಿಯಲ್ಲಿ ನಾನು ಹೇಳುವುದೆಲ್ಲ ಆ ಒಂದು ಕೆಲಸಕ್ಕೆ ಸಂಬಂಧಿಸಿದ್ದು.

ಮಾತು ಗಾಳಿಯಲ್ಲಿ ಉಳಿಯಬಾರದು ಅಂತ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಸುಮಾ ಅಂತ ಒಬ್ಬರಿದ್ದಾರೆ ಅಂದುಕೊಳ್ಳಿ. ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿ 11 ವರ್ಷ ಕೆಲಸ ಮಾಡಿದ್ದಾರೆ. ಅಲ್ಲಿ ಗ್ರಾಹಕರಿಗೆ ಹೆಲ್ಪ್ ಪೇಜ್, ಯೂಸರ್ ಗೈಡ್ ಬರೆಯುತ್ತಿದ್ದರು. ಈಗ ಕೆಲಸ ಬಿಟ್ಟು ಅದನ್ನೇ ಸ್ವಂತವಾಗಿ ಮಾಡಲು ಹೊರಟಿದ್ದಾರೆ.

ಬರೆಯುವ ಮೊದಲು ಹಳೆಯ ಕರಾರು ಓದಿ

ಸಂದೇಶಕ್ಕೆ ಕೈ ಹಾಕುವ ಮೊದಲು ಹಳೆಯ ಕಂಪನಿಯ ಆಫರ್ ಲೆಟರ್, ಒಪ್ಪಂದ ಪತ್ರಗಳನ್ನು ಒಮ್ಮೆ ತೆಗೆದು ಓದಿ. ಅದರಲ್ಲಿ ಮೂರು ಸಂಗತಿ ಹುಡುಕಿ. ಕಂಪನಿಯ ಗ್ರಾಹಕರನ್ನು ಇಷ್ಟು ತಿಂಗಳು ಸಂಪರ್ಕಿಸಬಾರದು ಅಂತ ಇದೆಯಾ? ಅಲ್ಲಿನ ನೌಕರರನ್ನು ನಿಮ್ಮ ಕೆಲಸಕ್ಕೆ ಸೆಳೆಯಬಾರದು ಅಂತ ಇದೆಯಾ? ಯಾವುದನ್ನು ಗುಟ್ಟಾಗಿ ಇಡಬೇಕು ಅಂತ ಬರೆದಿದ್ದಾರೆ? ಇಂಥ ಷರತ್ತು ಎಷ್ಟರ ಮಟ್ಟಿಗೆ ಊರ್ಜಿತ ಅನ್ನುವುದು ಒಂದೊಂದು ದೇಶದಲ್ಲಿ ಒಂದೊಂದು ಥರ. ಅನುಮಾನ ಇದ್ದರೆ ವಕೀಲರನ್ನು ಕೇಳಿ. ಇನ್ನೂ ಕೆಲಸ ಬಿಟ್ಟಿಲ್ಲ ಅನ್ನುವವರು, ಹೊರಗಿನ ಕೆಲಸ ಮಾಡಲು ಅನುಮತಿ ಬೇಕಾ ಅನ್ನುವುದನ್ನೂ ನೋಡಿಕೊಳ್ಳಬೇಕು. ಹಳೆಯ ಸಹೋದ್ಯೋಗಿಗಳಿಗೆ ಕಳಿಸಿದ ಸಂದೇಶ ಆಫೀಸಿನವರ ಕಿವಿಗೆ ಬಿದ್ದೇ ಬೀಳುತ್ತದೆ ಅಂತಲೇ ತಿಳಿದು ಬರೆಯಿರಿ.

ಗುಟ್ಟಿನ ಷರತ್ತು ಕೆಲಸದ ಮಾದರಿಗೂ ತಾಗುತ್ತದೆ. ಸುಮಾ ಹಳೆಯ ಕಂಪನಿಯ ಒಳಗಿನ ದಾಖಲೆಗಳನ್ನು ಮಾದರಿ ಅಂತ ತೋರಿಸುವಂತಿಲ್ಲ. ಎಲ್ಲರಿಗೂ ತೆರೆದಿರುವ ಹೆಲ್ಪ್ ಪೇಜ್‌ಗಳ ಲಿಂಕ್ ಕೊಡಬಹುದು. ಅದೂ ಇಲ್ಲದಿದ್ದರೆ ಎಲ್ಲರೂ ಬಳಸುವ ಯಾವುದಾದರೂ ಒಂದು ಆ್ಯಪ್‌ಗೆ ತಾವೇ ಎರಡು ಪುಟ ಬರೆದು ಅದನ್ನು ತೋರಿಸಬಹುದು. ನೋಡುವವರಿಗೆ ಬೇಕಾಗಿರುವುದು ನಿಮ್ಮ ಕೈ ಹೇಗಿದೆ ಅನ್ನುವುದು. ಅದಕ್ಕೆ ಎರಡು ಪುಟ ಸಾಕು.

ಒಂದೇ ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳಿ

ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದು. ಸುಮಾ ಅವರ ಮೊದಲ ಕರಡು ಹೀಗಿತ್ತು ಅನ್ನೋಣ:

> ಎಲ್ಲರಿಗೂ ನಮಸ್ಕಾರ. 11 ವರ್ಷಗಳ ಅನುಭವದ ನಂತರ ಸ್ವತಂತ್ರವಾಗಿ ಕೆಲಸ ಆರಂಭಿಸಿದ್ದೇನೆ ಎಂದು ತಿಳಿಸಲು ಸಂತೋಷಪಡುತ್ತೇನೆ. ಕಂಟೆಂಟ್ ರೈಟಿಂಗ್, ಟೆಕ್ನಿಕಲ್ ರೈಟಿಂಗ್, ಎಡಿಟಿಂಗ್, ಟ್ರೈನಿಂಗ್, ಟೆಸ್ಟಿಂಗ್ ಮುಂತಾದ ಸೇವೆಗಳು ಲಭ್ಯ. ನಿಮಗಾಗಲಿ ನಿಮ್ಮ ಪರಿಚಯದವರಿಗಾಗಲಿ ಅಗತ್ಯವಿದ್ದರೆ ದಯವಿಟ್ಟು ತಿಳಿಸಿ. ನಿಮ್ಮ ಬೆಂಬಲ ಸದಾ ಇರಲಿ.

ಓದಲು ಚೆನ್ನಾಗಿದೆ, ಅಲ್ವಾ? ಆದರೆ ಇದನ್ನು ಓದಿದವರ ತಲೆಯಲ್ಲಿ ಯಾರ ಮುಖವೂ ಮೂಡುವುದಿಲ್ಲ. ‘ಪರಿಚಯದವರು’ ಅಂದಾಗ ನೂರಾರು ಜನ ಇದ್ದಾರೆ. ‘ಅಗತ್ಯವಿದ್ದರೆ’ ಅಂದರೆ ಯಾವ ಅಗತ್ಯ? ಐದು ಸೇವೆ ಹೇಳಿದ್ದರಿಂದ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಎಲ್ಲಾ ಮಾಡುತ್ತೇನೆ ಅಂದರೆ ಜಾಸ್ತಿ ಕೆಲಸ ಬರುತ್ತದೆ ಅನ್ನಿಸುವುದು ಸಹಜ. ನೆನಪಿನ ವಿಷಯದಲ್ಲಿ ಅದು ಉಲ್ಟಾ ಆಗುತ್ತದೆ.

ಒಳ್ಳೆಯ ಸಾಲಿನಲ್ಲಿ ಮೂರು ಭಾಗ ಇರುತ್ತವೆ: ಯಾರಿಗೆ, ಯಾವ ತೊಂದರೆ ಬಂದಾಗ, ನೀವು ಏನು ಮಾಡಿಕೊಡುತ್ತೀರಿ. ನಡುವಿನ ಭಾಗವನ್ನು ಜನ ಬಿಟ್ಟುಬಿಡುತ್ತಾರೆ. ಆದರೆ ನೆನಪನ್ನು ಎಬ್ಬಿಸುವುದು ಅದೇ. ‘ಟೆಕ್ನಿಕಲ್ ರೈಟರ್ ಬೇಕಾಗಿದ್ದಾರೆ’ ಅಂತ ಊಟದ ಮೇಜಿನಲ್ಲಿ ಯಾರೂ ಹೇಳುವುದಿಲ್ಲ. ‘ನಮ್ಮ ಗ್ರಾಹಕರು ದಿನಾ ಅದೇ ಪ್ರಶ್ನೆ ಕೇಳ್ತಾರೆ, ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ’ ಅಂತ ಹೇಳುತ್ತಾರೆ. ನಿಮ್ಮ ಸ್ನೇಹಿತರ ಕಿವಿಗೆ ಬೀಳುವುದು ಈ ಎರಡನೆಯ ಮಾತು. ಹಾಗಾಗಿ ಸಂದೇಶದಲ್ಲೂ ಅದೇ ಮಾತು ಇರಬೇಕು.

ಸುಮಾ ಅವರ ಸಾಲು ಕೊನೆಗೆ ಹೀಗಾಗುತ್ತದೆ: ‘ಸಣ್ಣ ಸಾಫ್ಟ್‌ವೇರ್ ಕಂಪನಿಗಳಲ್ಲಿ ಗ್ರಾಹಕರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದರೆ, ಅದಕ್ಕೆ ಉತ್ತರ ಸಿಗುವ ಹೆಲ್ಪ್ ಪೇಜ್ ಬರೆದುಕೊಡುತ್ತೇನೆ.’

ಈ ಸಾಲು ಸರಿಯಾಗಿದೆಯಾ ಅಂತ ನೋಡಲು ಒಂದು ದಾರಿ ಇದೆ. ನಿಮ್ಮ ಕ್ಷೇತ್ರಕ್ಕೆ ಸಂಬಂಧವೇ ಇಲ್ಲದ ಒಬ್ಬರಿಗೆ ಓದಿ ಹೇಳಿ. ಮಾರನೆಯ ದಿನ ‘ನಾನು ಏನು ಮಾಡ್ತೀನಿ ಅಂದಿದ್ದೆ?’ ಅಂತ ಕೇಳಿ. ಅವರು ತಮ್ಮ ಮಾತಿನಲ್ಲಿ ಸರಿಯಾಗಿ ಹೇಳಿದರೆ ಸಾಲು ಗೆದ್ದಿದೆ. ‘ಏನೋ ಬರೆಯೋ ಕೆಲಸ’ ಅಂದರೆ ಇನ್ನೊಮ್ಮೆ ತಿದ್ದಿ. ಸ್ನೇಹಿತರು ನಿಮ್ಮನ್ನು ಪರಿಚಯಿಸುವಾಗ ಬಳಸುವುದು ನಿಮ್ಮ ಮಾತಲ್ಲ, ನೆನಪಿನಲ್ಲಿ ಉಳಿದ ಮಾತು.

ಉಳಿದ ನಾಲ್ಕು ಸೇವೆಗಳ ಗತಿ ಏನು? ಅವು ಕೆಲಸ ಸಿಕ್ಕ ಮೇಲೆ ಮಾತಿನ ನಡುವೆ ತಾವಾಗಿಯೇ ಬರುತ್ತವೆ. ಈ ಸಂದೇಶದಲ್ಲಿ ಬೇಡ.

ಯಾರಿಗೆ ಕಳಿಸಬೇಕು

ಫೋನಿನ ಹೆಸರುಗಳು, ಹಳೆಯ ಇಮೇಲ್, ಲಿಂಕ್ಡ್‌ಇನ್, ಕಾಲೇಜಿನ ಗ್ರೂಪ್ ಎಲ್ಲ ತಿರುವಿ ಹಾಕಿ ಒಂದು ಪಟ್ಟಿ ಮಾಡಿ. ತುಂಬ ಹತ್ತಿರದವರನ್ನು ಮಾತ್ರ ಬರೆದುಕೊಳ್ಳುವುದು ಸಾಮಾನ್ಯ. ‘ಐದು ವರ್ಷದಿಂದ ಮಾತೇ ಆಡಿಲ್ಲ, ಈಗ ಹೇಗೆ ಕೇಳೋದು’ ಅಂತ ಉಳಿದವರನ್ನು ಬಿಟ್ಟುಬಿಡುತ್ತೇವೆ. ಆದರೆ ಬಿಟ್ಟವರಲ್ಲೇ ದಾರಿ ಇರುವುದು ಹೆಚ್ಚು.

ಇದರ ಬಗ್ಗೆ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧ ಪ್ರಸಿದ್ಧ. ಅಮೆರಿಕದ ಬೋಸ್ಟನ್ ಬಳಿ ಹೊಸದಾಗಿ ಕೆಲಸ ಬದಲಿಸಿದ್ದವರನ್ನು ಅವರು ಮಾತಾಡಿಸಿದ್ದರು. ಪರಿಚಯದ ಮೂಲಕ ಕೆಲಸ ಸಿಕ್ಕವರನ್ನು, ಆ ಪರಿಚಯದವರನ್ನು ಆಗ ನೀವು ಎಷ್ಟು ಸಲ ಕಾಣುತ್ತಿದ್ದಿರಿ ಅಂತ ಕೇಳಿದರು. ಆಗಾಗ ಕಾಣುತ್ತಿದ್ದೆವು ಅಂದವರು 100ಕ್ಕೆ ಸುಮಾರು 17 ಮಾತ್ರ. ಯಾವಾಗಲಾದರೊಮ್ಮೆ ಅಂದವರು ಸುಮಾರು 56, ಅಪರೂಪಕ್ಕೆ ಅಂದವರು ಸುಮಾರು 28. ಅವರು ಕೊಟ್ಟ ಕಾರಣ ಸರಳ. ಹತ್ತಿರದ ಸ್ನೇಹಿತರಿಗೆ ಗೊತ್ತಿರುವ ಜನ, ಸುದ್ದಿ ಎಲ್ಲ ಬಹುಪಾಲು ನಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಬೇರೆ ಬಳಗದಲ್ಲಿ ಓಡಾಡುತ್ತಾರೆ, ಅಲ್ಲಿನ ಸುದ್ದಿ ಅವರ ಮೂಲಕವೇ ಬರಬೇಕು. ಆ ಅಧ್ಯಯನ ನೌಕರಿಯದ್ದು, ಫ್ರೀಲಾನ್ಸ್ ಕೆಲಸದ್ದಲ್ಲ. ಆದರೂ ಆ ಕಾರಣ ಇಲ್ಲಿಗೂ ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಪಟ್ಟಿ ಆದ ಮೇಲೆ ಅದನ್ನು ಎರಡು ಗುಂಪು ಮಾಡಿ. ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರು ಒಂದು ಗುಂಪು: ಹಳೆಯ ಟೀಮಿನವರು, ಮ್ಯಾನೇಜರ್, ಪಕ್ಕದ ವಿಭಾಗದವರು. ನಿಮ್ಮನ್ನು ಬಲ್ಲ, ಆದರೆ ನಿಮ್ಮ ಕೆಲಸ ನೋಡದವರು ಇನ್ನೊಂದು: ಸಹಪಾಠಿಗಳು, ಸೀನಿಯರ್‌ಗಳು, ಹಾಸ್ಟೆಲ್ಲಿನವರು. ಮೊದಲ ಗುಂಪು ‘ಇವರ ಕೆಲಸ ಚೆನ್ನಾಗಿರುತ್ತದೆ’ ಅಂತ ಧೈರ್ಯವಾಗಿ ಹೇಳಬಲ್ಲದು. ಎರಡನೆಯ ಗುಂಪು ‘ನನ್ನ ಕ್ಲಾಸ್‌ಮೇಟ್, ನಂಬಿಕಸ್ತರು, ಒಮ್ಮೆ ಮಾತಾಡಿ ನೋಡಿ’ ಅನ್ನಬಲ್ಲದು, ಅಷ್ಟೇ. ಆ ಗುಂಪಿನಿಂದ ಶಿಫಾರಸು ಕೇಳಬೇಡಿ, ಪರಿಚಯ ಮಾತ್ರ ಕೇಳಿ.

ಎಲ್ಲರಿಗೂ ಒಂದೇ ದಿನ ಕಳಿಸಬೇಡಿ. ಮೊದಲು ಐದಾರು ಜನರಿಗೆ ಕಳಿಸಿ ಎರಡು ದಿನ ಕಾಯಿರಿ. ಅವರ ಉತ್ತರ ನೋಡಿದರೆ ಎಲ್ಲಿ ಗೊಂದಲ ಇದೆ ಅಂತ ತಿಳಿಯುತ್ತದೆ. ತಿದ್ದಿಕೊಂಡು ಮುಂದಿನ ಐದಾರು ಜನರಿಗೆ ಕಳಿಸಿ. ಇದರಲ್ಲಿ ಇನ್ನೊಂದು ಅನುಕೂಲವಿದೆ. ಉತ್ತರ ಬಂದವರಿಗೆಲ್ಲ ಅದೇ ದಿನ ಸರಿಯಾಗಿ ಮಾತಾಡಲು ನಿಮಗೆ ಸಮಯ ಇರುತ್ತದೆ.

ಸಂದೇಶವನ್ನು ಎರಡು ತುಂಡು ಮಾಡಿ

ಈ ಮಾರ್ಗದರ್ಶಿಯಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸಂದೇಶದ ಮೊದಲ ತುಂಡು ಸ್ನೇಹಿತರಿಗೆ. ಎರಡನೆಯ ತುಂಡು ಆ ಮೂರನೆಯ ವ್ಯಕ್ತಿಗೆ. ಎರಡನ್ನೂ ಕಲೆಸಿದರೆ ಸ್ನೇಹಿತರು ಅದನ್ನು ಹಾಗೇ ಫಾರ್ವರ್ಡ್ ಮಾಡಲಾರರು. ‘ಹೇಗಿದ್ದೀಯ, ಅಮ್ಮ ಹುಷಾರಾಗಿದ್ದಾರಾ’ ಅನ್ನುವ ಸಾಲು ಇರುವ ಸಂದೇಶವನ್ನು ಯಾರು ಯಾರಿಗೆ ಕಳಿಸುತ್ತಾರೆ? ಅವರು ಕೂತು ಹೊಸದಾಗಿ ಬರೆಯಬೇಕಾಗುತ್ತದೆ. ‘ಆಮೇಲೆ ಬರೆಯೋಣ’ ಅಂತ ಅಲ್ಲಿಗೆ ನಿಲ್ಲುತ್ತದೆ.

ವಾಟ್ಸಾಪ್‌ನಲ್ಲಾದರೆ ಎರಡನ್ನೂ ಬೇರೆ ಬೇರೆ ಸಂದೇಶವಾಗಿ ಕಳಿಸಿ. ಆಗ ಎರಡನೆಯದನ್ನು ಒತ್ತಿ ಹಿಡಿದು ಫಾರ್ವರ್ಡ್ ಮಾಡಿದರೆ ಮುಗಿಯಿತು. ಒಂದು ಎಚ್ಚರಿಕೆ: ಫಾರ್ವರ್ಡ್ ಆದ ಸಂದೇಶದಲ್ಲಿ ಮೊದಲು ಬರೆದವರು ಯಾರು ಅಂತ ಕಾಣುವುದಿಲ್ಲ. ಆದ್ದರಿಂದ ನಿಮ್ಮ ಹೆಸರು, ಸಂಪರ್ಕ ಎರಡೂ ಆ ತುಂಡಿನ ಒಳಗೇ ಇರಬೇಕು. ಇಮೇಲ್ ಆದರೆ ಮೊದಲ ತುಂಡಿನ ಕೆಳಗೆ ಒಂದು ಗೆರೆ ಎಳೆದು, ‘ಕೆಳಗಿನದನ್ನು ಹಾಗೇ ಕಳಿಸಬಹುದು’ ಅಂತ ಬರೆದು, ಎರಡನೆಯದನ್ನು ಹಾಕಿ.

ಸುಮಾ ಅವರ ಎರಡನೆಯ ತುಂಡು:

> ಸುಮಾ ಅವರು ಸಣ್ಣ ಸಾಫ್ಟ್‌ವೇರ್ ಕಂಪನಿಗಳಿಗೆ ಹೆಲ್ಪ್ ಪೇಜ್ ಬರೆದುಕೊಡುತ್ತಾರೆ. ಗ್ರಾಹಕರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿ ಸಪೋರ್ಟ್ ಟೀಮಿನ ಸಮಯ ಹೋಗುತ್ತಿದ್ದರೆ, ಅಂಥ ಪ್ರಶ್ನೆಗಳನ್ನು ಆರಿಸಿ ಉತ್ತರದ ಪುಟ ಸಿದ್ಧ ಮಾಡುತ್ತಾರೆ. ಬಿಲ್ಲಿಂಗ್ ಸಾಫ್ಟ್‌ವೇರ್ ಕಂಪನಿಯಲ್ಲಿ 11 ವರ್ಷ ಇದೇ ಕೆಲಸ ಮಾಡಿದ್ದಾರೆ. ಮೊದಲಿಗೆ 10 ಪುಟಗಳ ಸಣ್ಣ ಕೆಲಸದಿಂದ ಶುರು ಮಾಡಬಹುದು, ಸುಮಾರು 2 ವಾರ ಹಿಡಿಯುತ್ತದೆ. ಮಾದರಿ: (ಲಿಂಕ್). ಸಂಪರ್ಕ: (ಫೋನ್, ಇಮೇಲ್).

ಇದನ್ನು ‘ನಾನು’ ಅಂತ ಬರೆಯದೆ ‘ಸುಮಾ ಅವರು’ ಅಂತ ಬರೆದಿರುವುದಕ್ಕೆ ಕಾರಣ ಇದೆ. ಕಳಿಸುವವರು ಸ್ನೇಹಿತರು. ಅವರ ಹೆಸರಿನಿಂದ ಹೋಗುವ ಮಾತು ಅವರದೇ ಮಾತಿನಂತೆ ಕೇಳಬೇಕು. ಅದೇ ಕಾರಣಕ್ಕೆ ಇಲ್ಲಿ ಹೊಗಳಿಕೆ ಇಲ್ಲ. ‘ಅತ್ಯುತ್ತಮ ಗುಣಮಟ್ಟ’, ‘ಬದ್ಧತೆ’ ಅಂತೆಲ್ಲ ನೀವೇ ಬರೆದುಕೊಟ್ಟರೆ, ಅದನ್ನು ತಮ್ಮ ಹೆಸರಲ್ಲಿ ಕಳಿಸಲು ಸ್ನೇಹಿತರಿಗೆ ಮುಜುಗರ. ಹೊಗಳುವ ಮನಸ್ಸಿದ್ದರೆ ಅವರೇ ಒಂದು ಸಾಲು ಸೇರಿಸುತ್ತಾರೆ. ಆ ಒಂದು ಸಾಲಿಗೆ ನಿಮ್ಮ ಹತ್ತು ಸಾಲಿಗಿಂತ ಬೆಲೆ ಜಾಸ್ತಿ.

‘10 ಪುಟ, 2 ವಾರ’ ಅನ್ನುವ ಸಾಲನ್ನೂ ಗಮನಿಸಿ. ದರ ಹಾಕಿಲ್ಲ, ಕೆಲಸದ ಗಾತ್ರ ಹಾಕಿದೆ. ಅಪರಿಚಿತರ ಜೊತೆ ದೊಡ್ಡ ಕೆಲಸಕ್ಕೆ ಕೈ ಹಾಕಲು ಯಾರೂ ಒಪ್ಪುವುದಿಲ್ಲ. ಸಣ್ಣದೊಂದು ಶುರು ಇದೆ ಅಂತ ಕಂಡರೆ ಮಾತಿಗೆ ಬರುತ್ತಾರೆ. ದರವನ್ನು ಈ ತುಂಡಿನಲ್ಲಿ ಹಾಕಬೇಡಿ ಅನ್ನುವುದು ನನ್ನ ಸಲಹೆ. ಕೆಲಸ ಏನು ಅಂತ ಗೊತ್ತಾಗುವ ಮೊದಲೇ ಒಂದು ಅಂಕಿ ಊರೆಲ್ಲ ಓಡಾಡಿದರೆ ಆಮೇಲೆ ಅದನ್ನು ತಿದ್ದುವುದು ಕಷ್ಟ.

ಸ್ನೇಹಿತರಿಗೆ ಬರೆಯುವ ತುಂಡು

ಇದು ಪ್ರತಿಯೊಬ್ಬರಿಗೂ ಬೇರೆ ಇರಬೇಕು. ಪೂರ್ತಿ ಬೇರೆ ಅಲ್ಲ. ಮೊದಲ ಒಂದೆರಡು ಸಾಲು, ಮತ್ತು ಏನು ಕೇಳುತ್ತೀರಿ ಅನ್ನುವ ಸಾಲು ಬೇರೆ ಆದರೆ ಸಾಕು.

ಬಹಳ ವರ್ಷ ಮಾತಾಡಿಲ್ಲ ಅನ್ನುವ ಸಂಕೋಚವನ್ನು ಅಡಗಿಸಬೇಡಿ. ‘ತುಂಬಾ ದಿನ ಆಯ್ತು’ ಅಂತ ನೇರವಾಗಿ ಹೇಳಿ ಮುಂದೆ ಹೋಗಿ. ಇನ್ನೂ ಮುಖ್ಯ, ವಿಷಯವನ್ನು ಮೊದಲ ಸಂದೇಶದಲ್ಲೇ ಹೇಳಿ. ‘ಹಾಯ್, ಹೇಗಿದ್ದೀಯ?’ ಅಂತ ಶುರು ಮಾಡಿ, ಮೂರು ದಿನ ಮನೆ ಮಕ್ಕಳ ಬಗ್ಗೆ ಮಾತಾಡಿ, ನಾಲ್ಕನೆಯ ದಿನ ಕೆಲಸದ ಮಾತು ತೆಗೆದರೆ ಆ ಮೂರು ದಿನದ ಮಾತೆಲ್ಲ ಪೀಠಿಕೆಯಾಗಿತ್ತು ಅಂತ ಅವರಿಗೆ ಅನ್ನಿಸುತ್ತದೆ. ಅದು ನೋಯಿಸುತ್ತದೆ.

ಸಹಪಾಠಿಗೆ ವಾಟ್ಸಾಪ್‌ನಲ್ಲಿ:

> ಗೀತಾ, ಹೇಗಿದ್ದೀಯ? ಮಾತಾಡಿ ವರ್ಷಗಳೇ ಆಯ್ತು. ಲ್ಯಾಬ್ ರೆಕಾರ್ಡ್ ಬರೆಯೋಕೆ ನನ್ನನ್ನು ಕೂರಿಸ್ತಿದ್ದೆಯಲ್ಲ, ಈಗ ಅದನ್ನೇ ಹೊಟ್ಟೆಪಾಡು ಮಾಡ್ಕೊಂಡಿದ್ದೀನಿ ಕಣೇ! ಕೆಲಸ ಬಿಟ್ಟು ಸ್ವಂತವಾಗಿ ಸಾಫ್ಟ್‌ವೇರ್ ಕಂಪನಿಗಳಿಗೆ ಹೆಲ್ಪ್ ಪೇಜ್ ಬರೆದುಕೊಡ್ತಿದ್ದೀನಿ. ನೀನು ಮೊದಲಿದ್ದ ಆಫೀಸಿನ ಥರದ ಸಣ್ಣ ಕಂಪನಿಗಳಲ್ಲಿ ಸಪೋರ್ಟ್ ಟೀಮ್ ನೋಡಿಕೊಳ್ಳೋ ಯಾರಾದ್ರೂ ಒಬ್ಬರು ನಿನಗೆ ಪರಿಚಯ ಇದ್ದರೆ, ಕೆಳಗಿನ ಮೆಸೇಜ್ ಅವರಿಗೆ ಕಳಿಸಿ, ನನ್ನ ಜೊತೆ ಮಾತಾಡ್ತಾರಾ ಅಂತ ಕೇಳ್ತೀಯಾ? ಯಾರೂ ನೆನಪಾಗದಿದ್ದರೆ ಪರವಾಗಿಲ್ಲ. ನಿನ್ನ ಸುದ್ದಿ ಹೇಳು.

ಹಳೆಯ ಮ್ಯಾನೇಜರ್‌ಗೆ ಇಮೇಲ್‌ನಲ್ಲಿ:

> ನಮಸ್ಕಾರ ಸರ್. ನೀವು ಟೀಮ್ ನಡೆಸುವಾಗ ಇನ್‌ವಾಯ್ಸ್ ಭಾಗದ ಹೆಲ್ಪ್ ಪೇಜ್‌ಗಳನ್ನು ಮತ್ತೆ ಬರೆದಿದ್ದು ನಿಮಗೆ ನೆನಪಿರಬಹುದು. ಕಳೆದ ತಿಂಗಳಿಂದ ಅದೇ ಕೆಲಸವನ್ನು ಸ್ವಂತವಾಗಿ ಮಾಡುತ್ತಿದ್ದೇನೆ. ನಮ್ಮ ಹಳೆಯ ಕಂಪನಿಯ ಗ್ರಾಹಕರನ್ನು ಸಂಪರ್ಕಿಸುತ್ತಿಲ್ಲ. ಬೇರೆ ಕಡೆ, 20ರಿಂದ 100 ಜನ ಇರುವ ಕಂಪನಿಗಳಲ್ಲಿ ಸಪೋರ್ಟ್ ಅಥವಾ ಪ್ರಾಡಕ್ಟ್ ನೋಡಿಕೊಳ್ಳುವ ಒಬ್ಬಿಬ್ಬರು ನಿಮಗೆ ನೆನಪಾದರೆ, ಮೊದಲು ಅವರನ್ನು ಕೇಳಿ, ಅವರು ಒಪ್ಪಿದರೆ ಪರಿಚಯ ಮಾಡಿಸುತ್ತೀರಾ? ಈಗ ಅನುಕೂಲ ಇಲ್ಲದಿದ್ದರೆ ಖಂಡಿತ ತೊಂದರೆಯಿಲ್ಲ. ಕಳಿಸಲು ಸುಲಭವಾಗಲಿ ಅಂತ ಕೆಳಗೆ ಒಂದು ಟಿಪ್ಪಣಿ ಹಾಕಿದ್ದೇನೆ.

ಎರಡರಲ್ಲೂ ಕೇಳಿಕೆ ಒಂದೇ ಥರ ಇದೆ. ಒಬ್ಬಿಬ್ಬರನ್ನು ಮಾತ್ರ ಕೇಳಿದೆ. ಯಾವ ಹುದ್ದೆಯವರು, ಎಷ್ಟು ದೊಡ್ಡ ಕಂಪನಿ ಅಂತ ಹೇಳಿದೆ. ‘ಯಾರಾದ್ರೂ ಇದ್ರೆ ಹೇಳಿ’ ಅಂದರೆ ಯಾರೂ ಹೊಳೆಯುವುದಿಲ್ಲ. ‘ಸಣ್ಣ ಕಂಪನಿಯಲ್ಲಿ ಸಪೋರ್ಟ್ ಟೀಮ್ ನೋಡಿಕೊಳ್ಳುವವರು’ ಅಂದ ತಕ್ಷಣ ಒಂದು ಮುಖ ಹೊಳೆಯುತ್ತದೆ, ಅಥವಾ ಯಾರೂ ಇಲ್ಲ ಅಂತ ಖಚಿತವಾಗುತ್ತದೆ. ಎರಡೂ ಉತ್ತರವೇ. ‘ಇಲ್ಲ’ ಅನ್ನಲು ಬಾಗಿಲು ತೆರೆದಿಟ್ಟಿರುವುದೂ ಬೇಕೆಂದೇ. ಸ್ನೇಹ ಕೆಡದೆ ‘ಇಲ್ಲ’ ಅನ್ನಬಹುದು ಅಂತ ಗೊತ್ತಾದವರು ಉತ್ತರ ಬರೆಯುತ್ತಾರೆ. ಸಿಕ್ಕಿಹಾಕಿಕೊಂಡೆ ಅನ್ನಿಸಿದವರು ಸುಮ್ಮನಾಗುತ್ತಾರೆ.

‘ಮೊದಲು ಅವರನ್ನು ಕೇಳಿ’ ಅನ್ನುವ ಮಾತು ಬಿಡಬೇಡಿ. ಒಪ್ಪಿಗೆ ಇಲ್ಲದೆ ಯಾರದೋ ಫೋನ್ ನಂಬರ್ ನಿಮಗೆ ಸಿಕ್ಕರೆ, ನೀವು ಅವರಿಗೆ ಮಾರಾಟದ ಕರೆ ಮಾಡುವವರ ಹಾಗೇ ಕಾಣುತ್ತೀರಿ. ಒಪ್ಪಿ ಬಂದವರು ಮಾತಾಡಲು ತಯಾರಾಗಿ ಬಂದಿರುತ್ತಾರೆ. ಜೊತೆಗೆ ನಿಮ್ಮ ಸ್ನೇಹಿತರ ಮರ್ಯಾದೆಯೂ ಉಳಿಯುತ್ತದೆ. ಪರಿಚಯ ಮಾಡಿಸುವವರು ಒತ್ತೆ ಇಡುವುದು ಅದನ್ನೇ ಅಲ್ಲವೇ?

ಯಾವುದರಲ್ಲಿ ಕಳಿಸಬೇಕು

ಕೊನೆಯ ಸಲ ಅವರ ಜೊತೆ ಎಲ್ಲಿ ಮಾತಾಡಿದ್ದಿರೋ ಅಲ್ಲೇ ಕಳಿಸಿ. ಇಮೇಲ್ ಆದರೆ ಅವರ ಈಗಿನ ಆಫೀಸ್ ವಿಳಾಸಕ್ಕೆ ಬೇಡ, ಸ್ವಂತದ್ದಕ್ಕೆ ಕಳಿಸಿ. ವಿಷಯದ ಸಾಲಿನಲ್ಲಿ ‘ಒಂದು ಸಂತಸದ ಸುದ್ದಿ’ ಅನ್ನುವುದಕ್ಕಿಂತ ‘ಸ್ವಂತ ಕೆಲಸ ಶುರು ಮಾಡಿದ್ದೇನೆ, ಒಂದು ಪರಿಚಯ ಬೇಕಿತ್ತು’ ಅಂತ ಇರಲಿ.

ಕಾಲೇಜಿನ ಗ್ರೂಪಿನಲ್ಲಿ ಹಾಕಬಹುದಾ? ಹಾಕಬಹುದು, ಆದರೆ ಒಬ್ಬೊಬ್ಬರಿಗೂ ಕಳಿಸಿದ ಮೇಲೆ, ಎರಡೇ ಸಾಲಿನಲ್ಲಿ. ಗ್ರೂಪಿನಲ್ಲಿ ಕೇಳಿದ್ದು ಯಾರನ್ನೂ ಕೇಳಿದಂತಲ್ಲ. ಬೇರೆ ಯಾರೋ ನೋಡಿಕೊಳ್ಳುತ್ತಾರೆ ಅಂತ ಎಲ್ಲರೂ ಹೆಬ್ಬೆರಳು ಒತ್ತಿ ಮುಂದೆ ಹೋಗುತ್ತಾರೆ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿ ಈ ಕೆಲಸಕ್ಕೆ ಆಗುವುದಿಲ್ಲ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ನೀವು ಹುಡುಕುತ್ತಿರುವ ದೂರದ ಪರಿಚಯದವರಲ್ಲಿ ಬಹಳ ಜನ ಸೇವ್ ಮಾಡಿರುವುದಿಲ್ಲ. ಹತ್ತಾರು ಜನರನ್ನು ಒಂದೇ ಇಮೇಲ್‌ನ Cc ಯಲ್ಲಿ ಹಾಕುವುದಂತೂ ಬೇಡವೇ ಬೇಡ. ಎಲ್ಲರ ವಿಳಾಸವೂ ಎಲ್ಲರಿಗೂ ಕಾಣುತ್ತದೆ.

ಉತ್ತರ ಬಂದ ಮೇಲೆ

‘ಆಲ್ ದಿ ಬೆಸ್ಟ್’ ಅಂತ ಮಾತ್ರ ಬಂದರೆ ಥ್ಯಾಂಕ್ಸ್ ಹೇಳಿ ಬಿಟ್ಟುಬಿಡಿ. ಅದೇ ಉಸಿರಿನಲ್ಲಿ ಇನ್ನೊಮ್ಮೆ ಕೇಳಬೇಡಿ. ಉತ್ತರವೇ ಬರದಿದ್ದರೆ ಎಂಟು ಹತ್ತು ದಿನ ಬಿಟ್ಟು ಒಂದೇ ಒಂದು ಸಲ ನೆನಪಿಸಿ: ‘ಹೋದ ವಾರದ ಮೆಸೇಜ್ ಕಣ್ಣಿಗೆ ಬಿತ್ತೋ ಇಲ್ಲವೋ ಅಂತ ಕೇಳಿದೆ. ಯಾರೂ ನೆನಪಾಗದಿದ್ದರೆ ಉತ್ತರ ಬೇಕಿಲ್ಲ.’ ಅಲ್ಲಿಗೆ ನಿಲ್ಲಿಸಿ.

‘ರೇಟ್ ಎಷ್ಟು?’ ಅಂತ ಸ್ನೇಹಿತರೇ ಕೇಳಿದರೆ ತಪ್ಪಿಸಿಕೊಳ್ಳಬೇಡಿ. ಕೆಲಸದ ಗಾತ್ರಕ್ಕೆ ಕಟ್ಟಿ ಹೇಳಿ: 10 ಪುಟಕ್ಕೆ ಇಷ್ಟರಿಂದ ಇಷ್ಟು, ಎಷ್ಟು ಗೋಜಲಿದೆ ಅನ್ನುವುದರ ಮೇಲೆ. ‘ನಮ್ಮವರಿಗೆ ಸ್ವಲ್ಪ ನೋಡಿ ಮಾಡಿಕೊಡು’ ಅನ್ನುವ ಮಾತೂ ಬರುತ್ತದೆ. ಆಗ ದರ ಇಳಿಸುವ ಬದಲು ಕೆಲಸ ಇಳಿಸಿ. ಹತ್ತರ ಬದಲು ನಾಲ್ಕು ಪುಟ ಮಾಡಿಕೊಡುತ್ತೇನೆ ಅನ್ನಿ. ಇಳಿಸಿದ ದರ ಪರಿಚಯದ ಜೊತೆಗೇ ಮುಂದಿನವರಿಗೂ ಹೋಗುತ್ತದೆ.

ಪರಿಚಯಕ್ಕೆ ಕಮಿಷನ್ ಕೊಡಬೇಕಾ ಅಂತ ಕೆಲವರಿಗೆ ಅನ್ನಿಸುತ್ತದೆ. ಸ್ನೇಹಿತರ ವಿಷಯದಲ್ಲಿ ಬೇಡ ಅಂತಲೇ ನಾನು ಹೇಳುವುದು. ಅವರ ಮಾತಿಗೆ ಬೆಲೆ ಇರುವುದು ಅದರಲ್ಲಿ ಅವರಿಗೆ ಲಾಭ ಇಲ್ಲ ಅನ್ನುವ ಕಾರಣಕ್ಕೆ. ಕೊಡಲೇಬೇಕು ಅಂದರೆ ಕೆಲಸ ಕೊಡುವವರಿಗೂ ಗೊತ್ತಿರಲಿ. ಸ್ನೇಹಿತರು ತಾವೇ ಕೆಲಸ ಮಾಡುವ ಕಂಪನಿಗೆ ಪರಿಚಯಿಸುತ್ತಿದ್ದರಂತೂ ಹಣದ ಮಾತೇ ಬೇಡ, ಅವರ ಕೆಲಸಕ್ಕೇ ಕುತ್ತು ಬರಬಹುದು.

ಈಗ ಒಂದು ಪರಿಚಯ ಬಂತು ಅನ್ನೋಣ. ಸುಮಾ ಅವರ ಮ್ಯಾನೇಜರ್ ಒಂದು ಸಣ್ಣ ಕಂಪನಿಯ ಸಪೋರ್ಟ್ ಮುಖ್ಯಸ್ಥರನ್ನು, ಸುಮಾ ಅವರನ್ನು ಒಂದೇ ಇಮೇಲ್‌ನಲ್ಲಿ ಸೇರಿಸಿ ಬರೆದಿದ್ದಾರೆ. ಅದೇ ದಿನ ಉತ್ತರ ಹೋಗಬೇಕು. ತಡ ಮಾಡಿದರೆ ತಲೆ ತಗ್ಗಿಸಬೇಕಾದವರು ಮ್ಯಾನೇಜರ್. ಉತ್ತರ ಬರೆಯುವಾಗ ಅವರ ವಿಳಾಸವನ್ನು Bcc ಗೆ ಸರಿಸಿ. ಹೀಗೆ ಮಾಡಿದರೆ ನೀವು ಉತ್ತರಿಸಿದ್ದು ಅವರಿಗೆ ಗೊತ್ತಾಗುತ್ತದೆ. ಮುಂದೆ ನಿಮ್ಮಿಬ್ಬರ ನಡುವೆ ಓಡಾಡುವ ಇಮೇಲ್‌ಗಳು ಮಾತ್ರ ಅವರಿಗೆ ಹೋಗುವುದಿಲ್ಲ.

> ಥ್ಯಾಂಕ್ಸ್ ಸರ್, ನಿಮ್ಮನ್ನು Bcc ಗೆ ಹಾಕುತ್ತಿದ್ದೇನೆ. ನಮಸ್ಕಾರ ಮೇಡಂ. ನಿಮ್ಮ ಟೀಮಿಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳ ಬಗ್ಗೆ ಸರ್ ಹೇಳಿದರು. 20 ನಿಮಿಷ ಮಾತಾಡಿದರೆ ನನ್ನಿಂದ ಉಪಯೋಗ ಆಗುತ್ತದೋ ಇಲ್ಲವೋ ಅಂತ ಹೇಳಬಲ್ಲೆ. ಮಂಗಳವಾರ 11 ಗಂಟೆ ಅಥವಾ ಬುಧವಾರ 4 ಗಂಟೆ ಆಗುತ್ತದೆಯೇ? ಹಿಂದಿನ ವಾರ ಅತಿ ಹೆಚ್ಚು ಬಂದ ಐದು ಪ್ರಶ್ನೆಗಳು ಕೈಯಲ್ಲಿದ್ದರೆ ಒಳ್ಳೆಯದು.

ಮಾತುಕತೆ ಆದ ಮೇಲೆ ಪರಿಚಯ ಮಾಡಿಸಿದವರಿಗೆ ಏನಾಯಿತು ಅಂತ ಒಂದು ಸಾಲು ತಿಳಿಸಿ. ಕೆಲಸ ಸಿಕ್ಕರೂ, ಸಿಗದಿದ್ದರೂ. ‘ಅವರಿಗೆ ಈಗ ಬಜೆಟ್ ಇಲ್ಲವಂತೆ, ಆದರೆ ಒಳ್ಳೆಯ ಮಾತುಕತೆ ಆಯ್ತು’ ಅಂದರೂ ಸಾಕು. ತಮ್ಮ ಪರಿಚಯ ಎಲ್ಲಿ ಹೋಯಿತು ಅಂತ ಗೊತ್ತಾಗದವರು ಎರಡನೆಯ ಸಲ ಮಾಡಿಸಲು ಹಿಂಜರಿಯುತ್ತಾರೆ.

ಎಲ್ಲಿ ಕೆಟ್ಟಿದೆ ಅಂತ ಪತ್ತೆ ಹಚ್ಚುವುದು

ಯಾರಿಗೆ, ಯಾವತ್ತು ಕಳಿಸಿದಿರಿ, ಏನು ಉತ್ತರ ಬಂತು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಹತ್ತು ಹನ್ನೆರಡು ಜನರಿಗೆ ಕಳಿಸಿದ ಮೇಲೆ ಆ ಹಾಳೆಯೇ ದೋಷ ತೋರಿಸುತ್ತದೆ.

ಉತ್ತರವೇ ಬರುತ್ತಿಲ್ಲ ಅಂದರೆ ಮೊದಲ ಸಾಲು ನೋಡಿ. ಎಲ್ಲರಿಗೂ ಕಳಿಸಿದ ಸಂದೇಶದಂತೆ ಓದಿಸುತ್ತಿರಬಹುದು. ಇಬ್ಬರಿಗೂ ಮಾತ್ರ ಗೊತ್ತಿರುವ ಒಂದು ಸಂಗತಿ ಅಲ್ಲಿರಬೇಕು. ಶುಭಾಶಯ ಬರುತ್ತಿದೆ, ಪರಿಚಯ ಬರುತ್ತಿಲ್ಲ ಅಂದರೆ ಕೇಳಿಕೆ ಸಡಿಲವಾಗಿದೆ. ಹುದ್ದೆ, ಕಂಪನಿಯ ಗಾತ್ರ ಬಿಟ್ಟುಹೋಗಿದೆಯಾ ನೋಡಿ. ಪರಿಚಯ ಬರುತ್ತಿದೆ, ಆದರೆ ತಪ್ಪು ಜನ ಬರುತ್ತಿದ್ದಾರೆ ಅಂದರೆ ಆ ಒಂದು ಸಾಲಿನಲ್ಲೇ ದೋಷ ಇದೆ. ಸುಮಾ ಅವರಿಗೆ ಬ್ಲಾಗ್ ಬರೆದುಕೊಡಿ, ಜಾಹೀರಾತು ಬರೆದುಕೊಡಿ ಅಂತ ಜನ ಬಂದರೆ, ಸ್ನೇಹಿತರ ತಲೆಯಲ್ಲಿ ಉಳಿದಿರುವುದು ‘ಬರೆಯುತ್ತಾಳೆ’ ಅನ್ನುವುದು ಮಾತ್ರ. ಆಗ ‘ಸಪೋರ್ಟ್ ಟೀಮಿಗೆ ಬರುವ ಪ್ರಶ್ನೆ ಕಡಿಮೆ ಮಾಡುವ ಪುಟಗಳು’ ಅನ್ನುವುದನ್ನು ಸಾಲಿನ ಮುಂದಕ್ಕೆ ತಂದು, ‘ಬರೆಯುವುದು’ ಅನ್ನುವುದನ್ನು ಹಿಂದಕ್ಕೆ ಹಾಕಬೇಕು.

ಸರಿಯಾದ ಜನರೇ ಬಂದು, ಮಾತಾಡಿ, ಕೆಲಸ ಕೊಡದೆ ಹೋಗುತ್ತಿದ್ದರೆ ಸಂದೇಶವನ್ನು ತಿದ್ದುತ್ತಾ ಕೂರಬೇಡಿ. ಅದು ತನ್ನ ಕೆಲಸ ಮಾಡಿದೆ. ಆಗ ನೋಡಬೇಕಾದದ್ದು ಆ 20 ನಿಮಿಷದ ಮಾತು, ಮಾದರಿ ಪುಟ, ದರ.

ಇದೇ ಪಟ್ಟಿಯವರಿಗೆ ಮತ್ತೆ ಬರೆಯಲು ಕನಿಷ್ಠ ಆರು ತಿಂಗಳು ಬಿಡಿ. ಆ ಸಲ ಹೇಳಲು ಹೊಸದೇನಾದರೂ ಇರಬೇಕು: ಮುಗಿಸಿದ ಒಂದು ಕೆಲಸ, ಒಪ್ಪಿಗೆ ಪಡೆದು ತೋರಿಸಬಹುದಾದ ಒಂದು ಹೊಸ ಮಾದರಿ. ನಡುವೆ ಯಾರಾದರೂ ನಿಮ್ಮನ್ನೇ ‘ಇಂಥವರು ಗೊತ್ತಾ?’ ಅಂತ ಕೇಳಿದರೆ, ಅವರಿಗೂ ಹೀಗೇ, ಮೊದಲು ಇನ್ನೊಬ್ಬರ ಒಪ್ಪಿಗೆ ಪಡೆದು, ಅದೇ ವಾರ ಪರಿಚಯ ಮಾಡಿಸಿ.